ಕಥಾಸ್ಪರ್ಧೆಯಲ್ಲಿ ಎಐ ಬರಹ: ತೀರ್ಪುಗಾರರಿಗೆ ಹೇಗೆ ಗೊತ್ತಾಗುತ್ತದೆ?

ಪ್ರಶ್ನೆ (ಸೋಮವಾರಪೇಟೆ): ಮೇಡಂ, ನಾನೊಂದು ಕತೆ ಬರೆದಿದ್ದೇನೆ. ಸ್ಪರ್ಧೆಯ ನಿಯಮದಲ್ಲಿ "ಎಐ ಬಳಸಿದ ಕೃತಿ ತಿರಸ್ಕೃತ" ಅಂತ ಒಂದೇ ಸಾಲಿದೆ. ಕಾಗುಣಿತ ಮಾತ್ರ ಆ್ಯಪ್‌ನಲ್ಲಿ ನೋಡಿಸಿದ್ದೆ. ತಂಗಿ ಕತೆಯನ್ನು ಒಂದು ವೆಬ್‌ಸೈಟಿಗೆ ಹಾಕಿದರೆ ಮುಕ್ಕಾಲು ಭಾಗ ಯಂತ್ರದ್ದು ಅಂತ ಬಂತು. ಕಳಿಸಲೋ ಬೇಡವೋ? ನೀವು ತೀರ್ಪುಗಾರರು ಹೇಗೆ ಪತ್ತೆ ಹಚ್ಚುತ್ತೀರಿ?

ಉತ್ತರ (ಮಡಿಕೇರಿ, ಕಥಾಸ್ಪರ್ಧೆಗಳ ತೀರ್ಪುಗಾರರು): ಕಳಿಸಿ. ಅದಕ್ಕೆ ಮೊದಲು ಸಂಚಾಲಕರಿಗೆ ಒಂದು ಸಾಲು ಬರೆದು, ಕಾಗುಣಿತ ತಿದ್ದಿಸಿದ್ದು ನಡೆಯುತ್ತದಾ ಅಂತ ಕೇಳಿ, ಉತ್ತರ ಇಟ್ಟುಕೊಳ್ಳಿ. ಆ ನಿಯಮ ಅರ್ಧಂಬರ್ಧ ಬರೆದದ್ದು. ಕಾಗುಣಿತ ತಿದ್ದುವುದು, ಕಥಾವಸ್ತು ಕೇಳುವುದು, ಪೂರ್ತಿ ಪ್ಯಾರಾ ಬರೆಸಿಕೊಳ್ಳುವುದು, ಮೂರೂ ಬೇರೆ ಬೇರೆ. ಮೊದಲನೆಯದು ಸರಿ, ಎರಡನೆಯದನ್ನು ಮುಂಚೆಯೇ ತಿಳಿಸಬೇಕು, ಮೂರನೆಯದು ಬೇಡ. ಹೀಗೆ ಬಿಡಿಸಿ ಬರೆದರೆ ಜಗಳವೇ ಇರುವುದಿಲ್ಲ. 2024ರ ಜನವರಿಯಲ್ಲಿ ಜಪಾನಿನ ಅಕುತಗಾವ ಪ್ರಶಸ್ತಿ ಪಡೆದ ಲೇಖಕಿ, ಕಾದಂಬರಿಯ ಸುಮಾರು ಶೇ. 5ರಷ್ಟು ಚಾಟ್‌ಜಿಪಿಟಿಯ ವಾಕ್ಯ ಅಂತ ಬಹುಮಾನ ಬಂದ ಮೇಲೆ ಹೇಳಿದರು, ಆಮೇಲೆ ದೊಡ್ಡ ಚರ್ಚೆಯಾಯಿತು. ಕಳಿಸುವಾಗಲೇ ಹೇಳುವ ಜಾಗ ಅರ್ಜಿಯಲ್ಲಿ ಇರಬೇಕು.

ಗೋಣಿಕೊಪ್ಪ: ಇಷ್ಟೆಲ್ಲ ಯಾಕೆ? ಪತ್ತೆ ಹಚ್ಚುವ ವೆಬ್‌ಸೈಟಿಗೆ ಹಾಕಿ, ಶೇ. 70 ದಾಟಿದರೆ ಹೊರಗಿಡಿ. ಯಂತ್ರಕ್ಕೆ ಯಂತ್ರವೇ ಸರಿ.

ಮಡಿಕೇರಿ: ಆ ಸಂಖ್ಯೆ ನಂಬಿ ಯಾರನ್ನೂ ಹೊರಗಿಡಬೇಡಿ ಸರ್. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಇಂಥದ್ದೊಂದು ಬಿಟ್ಟಿತ್ತು. ಅದು ಯಂತ್ರದ ಬರಹದಲ್ಲಿ ಶೇ. 26ನ್ನು ಮಾತ್ರ ಹಿಡಿಯುತ್ತಿತ್ತು, ಮನುಷ್ಯರು ಬರೆದದ್ದರಲ್ಲಿ ಶೇ. 9ನ್ನು ಯಂತ್ರದ್ದು ಅನ್ನುತ್ತಿತ್ತು. ಇಂಗ್ಲಿಷ್ ಬಿಟ್ಟರೆ ಇನ್ನೂ ಕೆಟ್ಟದಾಗಿ ಕೆಲಸ ಮಾಡುತ್ತದೆ ಅಂತ ಅವರೇ ಹೇಳಿದ್ದರು. ಜುಲೈನಲ್ಲಿ ವಾಪಸ್ ತೆಗೆದರು. ಇಂಥ ಎಷ್ಟೋ ವೆಬ್‌ಸೈಟುಗಳು ಮುಂದಿನ ಪದ ಎಷ್ಟು ಸುಲಭವಾಗಿ ಊಹೆಗೆ ಸಿಗುತ್ತದೆ ಅಂತ ನೋಡುತ್ತವೆ. ಹಾಗಾಗಿ ಸರಳವಾಗಿ, ಶುದ್ಧವಾಗಿ ಬರೆಯುವವರೇ ಸಿಕ್ಕಿಬೀಳುತ್ತಾರೆ.

ನಾಪೋಕ್ಲು: ನನಗೆ ಬೆರಳು ನೋವು, ಟೈಪ್ ಮಾಡಲು ಆಗುವುದಿಲ್ಲ. ಫೋನಿಗೆ ಬಾಯಲ್ಲಿ ಹೇಳಿ ಕವಿತೆ ಬರೆಸುತ್ತೇನೆ. ಹೋದ ವರ್ಷ ಬಹುಮಾನ ಬರದಿದ್ದದ್ದು ಅದಕ್ಕೇ ಏನೋ!

ಮಡಿಕೇರಿ: ಅಲ್ಲ ಅಂಕಲ್, ಅದು ನಿಮ್ಮದೇ ಮಾತು, ಫೋನ್ ಬರೆದುಕೊಳ್ಳುತ್ತದೆ ಅಷ್ಟೇ. ಧಾರಾಳವಾಗಿ ಕಳಿಸಿ.

ಸೋಮವಾರಪೇಟೆ: ಹಾಗಾದರೆ ಅನುಮಾನ ಬರುವುದು ಎಲ್ಲಿ?

ಮಡಿಕೇರಿ: ಒಂದು ಕತೆಯನ್ನೇ ಹೇಳುತ್ತೇನೆ. ನಮಗೆ ಬರುವ ಕತೆಗಳಲ್ಲಿ ಹೆಸರಿರುವುದಿಲ್ಲ, ನಂಬರ್ ಮಾತ್ರ. ಅದರಲ್ಲಿ ತೋಟದ ಕತೆ ಒಂದಿತ್ತು. ಜೂನ್ ತಿಂಗಳ ಜಡಿಮಳೆಯಲ್ಲಿ ಹೆಂಗಸರು ಕೆಂಪು ಕಾಫಿ ಹಣ್ಣು ಕುಯ್ಯುತ್ತಿದ್ದರು. ಇಲ್ಲಿ ಅರೇಬಿಕಾ ಕುಯ್ಲು ನವೆಂಬರಿನಿಂದ, ರೊಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ, ಜೂನಿನಲ್ಲಿ ಗಿಡದಲ್ಲಿರುವುದು ಹಸಿರು ಕಾಯಿ, ಅಲ್ವಾ? ಲೈನ್ ಮನೆಯ ಅಜ್ಜಿಯೂ ತೋಟದ ಧಣಿಯೂ ಒಂದೇ ಪುಸ್ತಕದ ಕನ್ನಡ ಮಾತಾಡುತ್ತಿದ್ದರು. ಪ್ರತಿ ಪ್ಯಾರಾ ಕೊನೆಗೆ "ಅವಳ ಮೌನದಲ್ಲಿ ಸಾವಿರ ಮಾತುಗಳಿದ್ದವು" ಥರದ ಒಂದು ಸಾಲು. ನಾನೂ ಇನ್ನೊಬ್ಬ ತೀರ್ಪುಗಾರರೂ ಮಾತಾಡಿಕೊಳ್ಳದೆಯೇ ಅದೇ ಜಾಗಗಳಿಗೆ ಗೀಟು ಹಾಕಿದ್ದೆವು.

ಆದರೂ ಇದು ಸಾಕ್ಷಿಯಲ್ಲ. ತೋಟ ನೋಡದೆ ಬರೆಯುವ ಮನುಷ್ಯರೂ ಇದೇ ತಪ್ಪು ಮಾಡುತ್ತಾರೆ. ಸಂಚಾಲಕರು ಫೋನ್ ಮಾಡಿ ಕಚ್ಚಾ ಪ್ರತಿ ಕೇಳಿದರು. ಆ ಹುಡುಗಿ ಬೆಂಗಳೂರಿನವಳು, ನೋಟ್‌ಬುಕ್ಕಿನ ಪುಟಗಳ ಫೋಟೋ ಕಳಿಸಿದಳು. ಅಜ್ಜಿ ಸತ್ತ ದೃಶ್ಯವನ್ನು ಮೊದಲು ಶುರುವಿನಲ್ಲಿಟ್ಟು, ಹೊಡೆದುಹಾಕಿ, ಕೊನೆಗೆ ತಂದಿದ್ದಳು. ಯಾಕೆ ಬದಲಾಯಿಸಿದೆ ಅಂದರೆ ತಡವರಿಸದೆ ಹೇಳಿದಳು. ಕತೆ ಸ್ಪರ್ಧೆಯಲ್ಲೇ ಉಳಿಯಿತು. ಕುಯ್ಲಿನ ತಪ್ಪಿಗೆ, ಸಂಭಾಷಣೆಗೆ ಅಂಕ ಕಳೆದೆವು, ಅದು ಕತೆಯ ದೋಷ, ಮೋಸವಲ್ಲ.

ಹಾಗಾಗಿ ನಿಮ್ಮ ಹಳೆಯ ಪ್ರತಿಗಳನ್ನು ಅಳಿಸಬೇಡಿ. ಗೂಗಲ್ ಡಾಕ್ಸ್‌ನಲ್ಲಿ ಬರೆದಿದ್ದರೆ ಯಾವತ್ತು ಏನು ಬದಲಾಯಿತು ಅನ್ನುವ ಇತಿಹಾಸ ತಾನಾಗಿ ಉಳಿದಿರುತ್ತದೆ.

ವಿರಾಜಪೇಟೆ (ಕನ್ನಡ ಮೇಷ್ಟ್ರು): ಕಚ್ಚಾ ಪ್ರತಿಯನ್ನೂ ಯಂತ್ರದಿಂದ ಬರೆಸಿ, ನೋಟ್‌ಬುಕ್ಕಿಗೆ ನಕಲು ಮಾಡಬಹುದಲ್ಲ ಮೇಡಂ? ಹನ್ನೆರಡು ಸಾಲಿನ ಕವಿತೆಗೆ ಏನು ಮಾಡುತ್ತೀರಿ? ಅಲ್ಲಿ ಹಿಡಿಯಲು ಜಾಗವೇ ಇಲ್ಲ.

ಮಡಿಕೇರಿ: ಮಾಡಬಹುದು ಸರ್. ಕತೆಯಲ್ಲಾದರೆ ಮಾತಾಡಿಸಿದಾಗ ಬಹುಮಟ್ಟಿಗೆ ಗೊತ್ತಾಗುತ್ತದೆ, ಕವಿತೆಯಲ್ಲಿ ನನಗೂ ಖಾತ್ರಿ ಇಲ್ಲ. ಅಂತಿಮ ಸುತ್ತಿಗೆ ಬಂದವರನ್ನು ಕರೆಸಿ ಕವಿತೆ ಓದಿಸಿ ಮಾತಾಡಿಸೋಣ ಅಂತ ನಾನು ಹೇಳುತ್ತಿದ್ದೇನೆ. ನಾಚಿಕೆ ಸ್ವಭಾವದವರಿಗೆ ಅನ್ಯಾಯ ಅಂತ ಜೊತೆಯವರ ವಾದ, ಅದೂ ನಿಜವೇ. ಈ ವರ್ಷ ಇನ್ನೂ ತೀರ್ಮಾನ ಆಗಿಲ್ಲ.

ಸೋಮವಾರಪೇಟೆ: ಸಂಚಾಲಕರಿಗೆ ಮೆಸೇಜ್ ಹಾಕಿದೆ. ಕಾಗುಣಿತಕ್ಕೆ ಅಡ್ಡಿಯಿಲ್ಲ ಅಂದರು.