ಅಪ್‌ಡೇಟ್: ಆಲೆಮನೆ ಪಾಲು, ಮೊದಲ ಬೋರ್ಡ್ ಮೀಟಿಂಗ್

ನಾನು ಕೇಳಿದ್ದು: "ಮಂಡ್ಯದ ನಮ್ಮ ಪ್ರೈವೇಟ್ ಲಿಮಿಟೆಡ್‌ಗೆ ನಾನು, ನನ್ನ ಗೆಳೆಯ ಇಬ್ಬರೇ ಡೈರೆಕ್ಟರ್‌ಗಳು. ಬೆಲ್ಲ ಕೊಳ್ಳೋದು ಅವನು ಪಾಲುದಾರನಾಗಿರುವ ಆಲೆಮನೆಯಿಂದ. ಅವನು ಇದನ್ನ ಮೊದಲ ಮೀಟಿಂಗ್‌ನಲ್ಲೇ ಹೇಳಬೇಕಾ?"

"ನಿನಗೆ ಗೊತ್ತಿರೋದನ್ನ ನಿನಗೇ ಬರೆದುಕೊಡಬೇಕಾ?" ಅಂತ ಅವನು ಮುನಿಸಿಕೊಂಡ. "ನನಗಲ್ಲ ಕಣೋ, ನಾಳೆ ದುಡ್ಡು ಹಾಕೋರು ಕಡತ ನೋಡ್ತಾರೆ" ಅಂದೆ. ಅರ್ಧ ಗಂಟೆ ಮಾತಿಲ್ಲ. ಕೊನೆಗೆ, ಡೈರೆಕ್ಟರ್ ತನ್ನ ಹಿತಾಸಕ್ತಿ ಬರೆದುಕೊಡೋ ಎಂಬಿಪಿ-1 ಫಾರಂ ಕೊಡಿಸಿ ಅನ್ನೋ ನಿಮ್ಮ ಸಲಹೆಯೇ ಕೆಲಸಕ್ಕೆ ಬಂತು. ಆಲೆಮನೆ ಹೆಸರು, ತನ್ನ ಪಾಲು ಬರೆದು ಸಹಿ ಹಾಕಿದ. ನಡಾವಳಿಯಲ್ಲೂ ದಾಖಲಾಯ್ತು.

ಬೆಲ್ಲದ ಮಾತು ಬಂದಾಗ ಅವನನ್ನು ಹೊರಗೆ ಕೂರಿಸಿ ಅನ್ನೋ ಇನ್ನೊಂದು ಸಲಹೆ ಮಾತ್ರ ಆಗಲಿಲ್ಲ. ಕೋರಂಗೆ ಇಬ್ಬರು ಬೇಕು, ಒಬ್ಬ ಎದ್ದರೆ ಸಭೆಯೇ ಇಲ್ಲ! ಪ್ರೈವೇಟ್ ಕಂಪನಿಯಲ್ಲಿ ಹಿತಾಸಕ್ತಿ ಹೇಳಿಕೊಂಡ ಮೇಲೆ ಅವನೂ ಕೂರಬಹುದಂತೆ, ಕೋರಂ ಲೆಕ್ಕಕ್ಕೂ ಬರುತ್ತಾನಂತೆ. ಬೆಲ್ಲದ ದರ ಇನ್ನೂ ಚೌಕಾಸಿಯಲ್ಲಿದೆ.