ಸಹಾಯ ಬೇಕು: ಟಿ-ಟೆಸ್ಟ್ ಒಂದು ಹೇಳುತ್ತೆ, ಗ್ರಾಫ್ ಇನ್ನೊಂದು

ನಮಸ್ಕಾರ ರೀ. ಹಾವೇರಿಯಲ್ಲಿ ಬಿ.ಎಸ್ಸಿ. ಪ್ರಾಜೆಕ್ಟ್ ಮಾಡ್ತಿದ್ದೇನೆ. ಬ್ಯಾಡಗಿ ಮೆಣಸಿನ ಸಸಿ, ಒಂದೊಂದು ಕುಂಡದಲ್ಲಿ ಒಂದೊಂದು. 10 ಕುಂಡಕ್ಕೆ ಎರೆಗೊಬ್ಬರ ಹಾಕಿದ್ದೇನೆ, 10ಕ್ಕೆ ಇಲ್ಲ.

ಗೊಬ್ಬರದ ಸಸಿಗಳ ಸರಾಸರಿ ಎತ್ತರ 14.6 ಸೆಂ.ಮೀ., ಸ್ಟ್ಯಾಂಡರ್ಡ್ ಡೀವಿಯೇಶನ್ 2.0. ಉಳಿದವು 12.6, ಡೀವಿಯೇಶನ್ 1.8. ಎಕ್ಸೆಲ್‌ನಲ್ಲಿ ಹೀಗೆ ಹಾಕಿದೆ:

```
=T.TEST(A2:A11,B2:B11,2,3)
```

ಪಿ ಬೆಲೆ 0.03 ಬಂತು. ಆದರೆ 95% ಕಾನ್ಫಿಡೆನ್ಸ್ ಇಂಟರ್ವಲ್ ಒಂದಕ್ಕೆ 13.2ರಿಂದ 16.0, ಇನ್ನೊಂದಕ್ಕೆ 11.3ರಿಂದ 13.9. ಎರಡೂ ಒಂದರ ಮೇಲೊಂದು ಬರ್ತವೆ, ಹಾಗಾಗಿ ವ್ಯತ್ಯಾಸವೇ ಇಲ್ಲ ಅಂತಾರೆ ಗೈಡ್.

ನನಗೆ ಹಾಗನಿಸೋದಿಲ್ಲ. ನೋಡಬೇಕಾದದ್ದು ವ್ಯತ್ಯಾಸದ ಇಂಟರ್ವಲ್ ಅಲ್ವಾ? ಅದು 0.2ರಿಂದ 3.8, ಸೊನ್ನೆ ಅದರೊಳಗಿಲ್ಲ. ಆದರೂ 0.2 ಅಂದರೆ ತೀರಾ ಕಡಿಮೆ. ವರದಿಯಲ್ಲಿ ಇದನ್ನು ಹೇಗೆ ಬರೆಯಲಿ? ಗ್ರಾಫ್‌ನ ಎರರ್ ಬಾರ್‌ಗೆ ಡೀವಿಯೇಶನ್ ಹಾಕಲೋ, ಇಂಟರ್ವಲ್ ಹಾಕಲೋ? ಬಲ್ಲವರು ದಯವಿಟ್ಟು ತಿಳಿಸಿ.