ಕ್ಲಿನಿಕ್‌ನ 'ನಮ್ಮ ಬಗ್ಗೆ' ಪುಟಕ್ಕೆ ಏನು ಬರೆಯೋದು?

ಕೇಳಿದವರು: ಅರಸೀಕೆರೆಯಲ್ಲಿ ನಮ್ಮ ಮನೆಯವರದೇ ಕ್ಲಿನಿಕ್ ಇದೆ. ಅಪ್ಪ ಎಂಬಿಬಿಎಸ್, 1988ರಿಂದ ನೋಡುತ್ತಿದ್ದಾರೆ. ಅತ್ತಿಗೆ ಮಕ್ಕಳ ಡಾಕ್ಟರ್. ಪಕ್ಕದ ಮೆಡಿಕಲ್ ಸ್ಟೋರ್ ಅಣ್ಣನದು. ವೆಬ್‌ಸೈಟ್ ಮಾಡುವವರು 'ಗುಣಮಟ್ಟದ ಸೇವೆಯೇ ನಮ್ಮ ಗುರಿ' ಅಂತ ಬರೆದುಕೊಟ್ಟಿದ್ದಾರೆ. ಮೊದಲ ಸಲ ಬರುವವರಿಗೆ ಇದರಿಂದ ನಂಬಿಕೆ ಬರುತ್ತಾ? ಅನುಭವ ಇದ್ದವರು ಹೇಳಿ.

ಮೈಸೂರು, ಕ್ಲಿನಿಕ್‌ಗಳಿಗೆ ಬರೆದುಕೊಡುವ ಕೆಲಸ: ಆ ಸಾಲು ತೆಗೆದುಬಿಡಿ. ಹೊಸಬರು ಹುಡುಕುವುದು ಬೇರೆ: ಇವತ್ತು ಹೋದರೆ ಯಾರು ಸಿಗುತ್ತಾರೆ, ಅವರು ಓದಿದ್ದೇನು, ನನ್ನ ತೊಂದರೆ ಅಲ್ಲಿ ನೋಡ್ತಾರಾ? ಒಬ್ಬೊಬ್ಬ ಡಾಕ್ಟರಿಗೂ ಒಂದು ಪುಟ್ಟ ಪ್ಯಾರಾ ಸಾಕು. ಅಪ್ಪನದು ಹೀಗಿರಲಿ:

"ಡಾ. (ಹೆಸರು), ಎಂಬಿಬಿಎಸ್. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ (ಇಷ್ಟು). 1988ರಿಂದ ಇದೇ ಊರಿನಲ್ಲಿದ್ದಾರೆ. ಜ್ವರ, ಬಿಪಿ, ಶುಗರ್, ಸಣ್ಣ ಗಾಯ ನೋಡುತ್ತಾರೆ. ಸೋಮವಾರದಿಂದ ಶನಿವಾರ, ಬೆಳಿಗ್ಗೆ 9ರಿಂದ 1. ನಮ್ಮಲ್ಲಿ ಎಕ್ಸ್‌ರೇ ಇಲ್ಲ, ಅಡ್ಮಿಟ್ ಮಾಡಿಕೊಳ್ಳುವುದಿಲ್ಲ. ಜೋರು ಎದೆನೋವು ಇದ್ದರೆ, ಬಾಯಿ ಸೊಟ್ಟಗಾಗಿ ಕೈಯಲ್ಲಿ ಶಕ್ತಿ ಇಲ್ಲದಂತಾದರೆ ಇಲ್ಲಿಗೆ ಬಂದು ಕಾಯಬೇಡಿ, 108ಕ್ಕೆ ಫೋನ್ ಮಾಡಿ."

ಕೊನೆಯ ಎರಡು ಸಾಲಿಗೆ ಮನೆಯಲ್ಲಿ ಒಪ್ಪುವುದು ಕಷ್ಟ. ಪೇಷಂಟ್ ವಾಪಸ್ ಹೋಗ್ತಾರೆ ಅನ್ನುತ್ತಾರೆ. ಆದರೆ ತಮ್ಮ ಕೈಲಿ ಆಗದ್ದನ್ನು ಮೊದಲೇ ಹೇಳಿದವರ ಉಳಿದ ಮಾತನ್ನೂ ಜನ ನಂಬುತ್ತಾರೆ. ಖಾಸಗಿ ಕ್ಲಿನಿಕ್‌ಗಳಿಗೆ ಸರ್ಕಾರ ಕೊಡುವ ಕೆಪಿಎಂಇ ನೋಂದಣಿ ಸಂಖ್ಯೆಯನ್ನೂ ಕೆಳಗೆ ಹಾಕಿ.

ಹುಬ್ಬಳ್ಳಿ, ಜಾಹೀರಾತು ಕೆಲಸ: ಬರೀ ನಂಬರ್ ಯಾರು ಓದ್ತಾರೆ? ಅಪ್ಪ, ಅತ್ತಿಗೆ ಇಬ್ಬರೂ ಕ್ಲಿನಿಕ್ ಬಾಗಿಲಲ್ಲಿ ನಿಂತಿರುವ ಫೋಟೋ ಮೇಲೆ ಬರಲಿ. ಕೆಳಗೆ ಹಳೇ ಪೇಷಂಟ್‌ಗಳ ವಿಡಿಯೋ ಹಾಕಿ. 'ಇವರ ಕೈಗುಣದಿಂದ ನನ್ನ ಶುಗರ್ ಪೂರ್ತಿ ಹೋಯ್ತು' ಅಂತ ನಾಲ್ಕು ಜನ ಹೇಳಿದರೆ ಸಾಕು, ಸಾಲುಗಟ್ಟಿ ಬರ್ತಾರೆ.

ಶಿವಮೊಗ್ಗ, ವೈದ್ಯೆ: ಫೋಟೋ ಮಾತು ಸರಿ. ಇಂಟರ್ನೆಟ್‌ನಿಂದ ತಂದ ಸ್ಟೆತಸ್ಕೋಪ್ ಚಿತ್ರ ಬೇಡ, ನಿಮ್ಮದೇ ಮುಖ ಇರಲಿ. ಆದರೆ ಆ ವಿಡಿಯೋ ದಯವಿಟ್ಟು ಬೇಡ. ವಾಸಿ ಮಾಡಿದ ಕೇಸುಗಳನ್ನು ಹೇಳಿಕೊಂಡು ಪ್ರಚಾರ ಮಾಡುವಂತಿಲ್ಲ ಅಂತ 2002ರ ವೈದ್ಯಕೀಯ ನಡತೆ ನಿಯಮದಲ್ಲೇ ಇದೆ. ಶುಗರ್ ವಾಸಿಯಾಗುತ್ತದೆ ಅನ್ನುವ ಔಷಧಿ ಜಾಹೀರಾತಿಗೆ 1954ರ ಕಾಯ್ದೆಯಿಂದಲೇ ಅಡ್ಡಿಯಿದೆ. ತೊಂದರೆಗೆ ಸಿಕ್ಕಿಬೀಳುವವರು ಅಪ್ಪ, ವಿಡಿಯೋ ಮಾಡಿದವರಲ್ಲ.

ಅತ್ತಿಗೆಯ ಡಿಗ್ರಿ ಏನು? ಮಕ್ಕಳ ವಿಭಾಗದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಸಿಎಚ್ ಡಿಪ್ಲೊಮಾ ಆಗಿದ್ದರೆ 'ಮಕ್ಕಳ ತಜ್ಞೆ' ಅಂತ ಬರೆಯಿರಿ. ಎಂಬಿಬಿಎಸ್ ಮುಗಿಸಿ ಮಕ್ಕಳನ್ನು ಜಾಸ್ತಿ ನೋಡುತ್ತಾರೆ ಅಷ್ಟೇ ಆದರೆ ಹಾಗೆ ಬರೆಯುವಂತಿಲ್ಲ.

ತುಮಕೂರು, ಗೃಹಿಣಿ: ನಂದು ಬೇರೆ ಕಷ್ಟ, ಆದರೂ ಹೇಳ್ತೀನಿ. ಅಮ್ಮನಿಗೆ ಮಂಡಿ ನೋವು. ಮೊನ್ನೆ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದೆವು. ನೋಡಿದರೆ ಮೊದಲನೇ ಮಹಡಿ, ಲಿಫ್ಟ್ ಇಲ್ಲ. ಕಷ್ಟಪಟ್ಟು ಹತ್ತಿದ ಮೇಲೆ ಗೊತ್ತಾಯಿತು, ಆವತ್ತು ಲೇಡಿ ಡಾಕ್ಟರ್ ಬರಲ್ಲ ಅಂತ. ಪುಟದಲ್ಲಿ ಇಬ್ಬರ ಫೋಟೋನೂ ಇತ್ತು, ಯಾರು ಯಾವ ದಿನ ಅಂತ ಇರಲಿಲ್ಲ. ಟೋಕನ್ ಸಿಸ್ಟಮ್ ಬಗ್ಗೆನೂ ಯಾರಾದ್ರೂ ಹೇಳಿ.

ಮೈಸೂರು: ಟೋಕನ್ ವಿಷಯ ಬೇರೆಯೇ, ಅಕ್ಕಾ. ಮೆಟ್ಟಿಲಿನ ಮಾತು ಮಾತ್ರ ಇಲ್ಲಿ ಬೇಕಾದದ್ದೇ. ನೆಲಮಹಡಿ ಆಗಿದ್ದರೆ 'ಮೆಟ್ಟಿಲಿಲ್ಲ' ಅಂತ ಸೇರಿಸಿ. ದಿನ, ಸಮಯ ಬದಲಾದ ದಿನವೇ ಪುಟವನ್ನೂ ಬದಲಿಸುವ ಕೆಲಸ ಮನೆಯಲ್ಲಿ ಒಬ್ಬರ ತಲೆಗೆ ಕಟ್ಟಿ. ಹಬ್ಬಕ್ಕೆ ಮುಚ್ಚಿದ್ದರೂ 'ತೆರೆದಿದೆ' ಅಂತಿದ್ದರೆ ಬಂದವರು ಇನ್ನೊಂದು ಸಲ ಬರಲ್ಲ.

ಶಿವಮೊಗ್ಗ, ವೈದ್ಯೆ: ಅಣ್ಣನ ಮೆಡಿಕಲ್ ಬಗ್ಗೆ ಯಾರೂ ಹೇಳಲಿಲ್ಲ. 'ಪಕ್ಕದ ಮೆಡಿಕಲ್ ನಮ್ಮ ಮನೆಯವರದೇ. ಚೀಟಿ ತಗೊಂಡು ಎಲ್ಲಿ ಬೇಕಾದರೂ ಔಷಧಿ ಕೊಳ್ಳಬಹುದು' ಅಂತ ಬರೆಯಿರಿ. ಇಲ್ಲದಿದ್ದರೆ ಹೊಸ ಪೇಷಂಟ್ ಚೀಟಿ ಉದ್ದ ನೋಡಿ ಬೇರೆಯೇ ಲೆಕ್ಕ ಹಾಕುತ್ತಾರೆ.

ಹುಬ್ಬಳ್ಳಿ: ಇದು ನನಗೆ ಒಪ್ಪಿಗೆ ಇಲ್ಲ. ಯಾರಿಗೂ ಇಲ್ಲದ ಅನುಮಾನವನ್ನು ನಾವೇ ಹುಟ್ಟಿಸಿದಂತೆ ಆಗಲ್ವಾ? ಫೀಸ್ ಬೇಕಾದರೆ ಹಾಕಿ.

ಕೇಳಿದವರು: ಅತ್ತಿಗೆ ಡಿಸಿಎಚ್. ಕ್ಲಿನಿಕ್ ನೆಲಮಹಡಿಯಲ್ಲೇ ಇದೆ. 108ರ ಸಾಲಿಗೆ ಅಪ್ಪ ತಕ್ಷಣ ಒಪ್ಪಿದರು. ಫೀಸ್ ಮಾತ್ರ ಬೇಡ ಅಂತಾರೆ, ಕೈಲಾಗದವರ ಹತ್ತಿರ ಅವರು ತಗೊಳ್ಳುವುದಿಲ್ಲ, ಬರೆದುಬಿಟ್ಟರೆ ಅಂಥವರು ಬರಲು ಹಿಂಜರಿಯುತ್ತಾರೆ ಅಂತ. ಮೆಡಿಕಲ್ ಸಾಲಿನ ಬಗ್ಗೆ ಅಣ್ಣನ ಜೊತೆ ಭಾನುವಾರ ಕೂತು ಮಾತಾಡಬೇಕು.